ಎಂಟನೇ ತರಗತಿಯಲ್ಲಿ ‘ತಡವಾಗಿ ಬಂದವರು ಹೊರಗೆ’ ನಿಯಮದ ಮೇಲೆ ಚರ್ಚೆ: ಪಾತ್ರ, ತಯಾರಿ, ತೀರ್ಪು ಹೇಗಿರಬೇಕು?

ಹಾವೇರಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಬೆಳಿಗ್ಗೆ 9:45ಕ್ಕೆ ಪ್ರಾರ್ಥನೆ ಶುರುವಾಗುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಬಂದ ಮಕ್ಕಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು, ಮೊದಲ ಪೀರಿಯಡ್ ಮುಗಿಯುವವರೆಗೆ ಅವರನ್ನು ವರಾಂಡದಲ್ಲಿ ನಿಲ್ಲಿಸುವುದು ಇಲ್ಲಿಯ ನಿಯಮ. ಈ ನಿಯಮದ ಬಗ್ಗೆ ಎಂಟನೇ ತರಗತಿಯವರಿಂದಲೇ ಚರ್ಚೆ ಮಾಡಿಸಬೇಕೆಂದಿದ್ದೇನೆ. ಮುಖ್ಯ ಶಿಕ್ಷಕರು ಒಪ್ಪಿ, ಎರಡು ವಾರಗಳಲ್ಲಿ ಹರಡಿದಂತೆ ನಲವತ್ತು ನಿಮಿಷದ ಆರು ಪೀರಿಯಡ್‌ಗಳನ್ನು ಕೊಟ್ಟಿದ್ದಾರೆ.

ತರಗತಿಯಲ್ಲಿ 42 ಮಕ್ಕಳಿದ್ದಾರೆ. ಪ್ರತಿಭಾ ಕಾರಂಜಿಗೆ ಹೋಗಿ ಬಂದಿರುವ ಮೂರು ನಾಲ್ಕು ಮಕ್ಕಳು ಮಾತ್ರ ಮಾತಾಡಿ, ಉಳಿದವರು ಚಪ್ಪಾಳೆ ತಟ್ಟಿ ಎದ್ದು ಹೋಗುವುದು ನನಗೆ ಬೇಡವಾಗಿದೆ. ಆದ್ದರಿಂದ ಮೂರು ವಿಷಯಗಳಲ್ಲಿ ತಮ್ಮ ಸಲಹೆ ಬೇಕು. ಎಲ್ಲರಿಗೂ ನಿಜವಾದ ಕೆಲಸ ಸಿಗುವಂತೆ ಪಾತ್ರಗಳನ್ನು ಹಂಚುವುದು ಹೇಗೆ? ಕಂಪ್ಯೂಟರ್ ಕೋಣೆಯನ್ನು ನೆಚ್ಚಿಕೊಳ್ಳದೆ ಮಕ್ಕಳು ಮಾಹಿತಿ ಹುಡುಕಲು ಎಷ್ಟು ಸಮಯ ಕೊಡಬೇಕು, ಎಲ್ಲಿ ಹುಡುಕಬೇಕು? ಸೋತ ತಂಡವೂ ಒಪ್ಪುವಂತಹ ತೀರ್ಪನ್ನು ಯಾರು ಕೊಡಬೇಕು, ಯಾವ ಅಳತೆಯಿಂದ ಕೊಡಬೇಕು?

ಕನ್ನಡ ಭಾಷಣ ಪ್ರಿಯ, ತುಮಕೂರು

ಮೇಡಂ, ಇದಕ್ಕೆ ತಾವು ಇಷ್ಟೊಂದು ಯೋಚಿಸಬೇಕಾಗಿಲ್ಲ. ಸಮಯಪಾಲನೆಯ ಮಹತ್ವ ಕುರಿತು ಪರ ಮತ್ತು ವಿರೋಧ ಎರಡೂ ಕಡೆಯ ಭಾಷಣಗಳನ್ನು ತಲಾ ಎರಡು ಪುಟದಂತೆ ನಾನು ಬರೆದುಕೊಡುತ್ತೇನೆ. ಆರಂಭಕ್ಕೆ ಒಂದು ವಚನ, ಕೊನೆಗೆ ಒಂದು ಗಾದೆ ಸೇರಿಸಿದರೆ ತೀರ್ಪುಗಾರರಿಗೆ ಇಷ್ಟವಾಗುತ್ತದೆ. ಮಕ್ಕಳು ಒಂದು ವಾರದಲ್ಲಿ ಬಾಯಿಪಾಠ ಮಾಡುತ್ತಾರೆ.

ಹಾವೇರಿಯ ಶಿಕ್ಷಕಿ

ಸರ್, ತಮ್ಮ ಉತ್ಸಾಹಕ್ಕೆ ಧನ್ಯವಾದಗಳು. ಆದರೆ ನಾನು ಕೇಳುತ್ತಿರುವುದು ಭಾಷಣವನ್ನಲ್ಲ. ಎದುರಿನ ತಂಡ ಏನು ಹೇಳಿತೆಂಬುದನ್ನು ಕೇಳಿಸಿಕೊಂಡು ಅಲ್ಲೇ ಉತ್ತರ ಕೊಡುವುದನ್ನು ಮಕ್ಕಳು ಕಲಿಯಬೇಕು. ಬಾಯಿಪಾಠ ಮಾಡಿದ ಎರಡು ಪುಟ ಕೈಯಲ್ಲಿದ್ದರೆ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ.

ನಿವೃತ್ತ ಮುಖ್ಯ ಶಿಕ್ಷಕ, ಸಾಗರ

ಪಾತ್ರ ಹಂಚುವುದಕ್ಕಿಂತ ಮೊದಲು ವಿಷಯದ ವಾಕ್ಯವನ್ನು ಸರಿಯಾಗಿ ಬರೆದುಕೊಳ್ಳಿ. ‘ಶಿಸ್ತು ಮುಖ್ಯವೇ?’ ಎಂದು ಕೇಳಿದರೆ ವಿರೋಧಿಸುವವರಿಗೆ ನೆಲವೇ ಇರುವುದಿಲ್ಲ. ‘ತಡವಾಗಿ ಬಂದವರನ್ನು ಶಿಕ್ಷಿಸಬೇಕೇ?’ ಎಂದರೆ ಚರ್ಚೆ ಶಿಕ್ಷೆಯ ಕಡೆಗೆ ಜಾರಿ, ನಿಮ್ಮ ಶಾಲೆಯ ನಿಯಮ ಮರೆತೇ ಹೋಗುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಪ್ರಾರ್ಥನೆ ಮುಗಿದ ನಂತರ ಬಂದ ವಿದ್ಯಾರ್ಥಿಗಳನ್ನು ಮೊದಲ ಪೀರಿಯಡ್ ಮುಗಿಯುವವರೆಗೆ ತರಗತಿಯ ಹೊರಗೆ ನಿಲ್ಲಿಸುವ ನಿಯಮವನ್ನು ನಮ್ಮ ಶಾಲೆಯು ಮುಂದುವರಿಸಬೇಕು.’ ಈಗ ಇರುವ ನಿಯಮವನ್ನು ಉಳಿಸಿಕೊಳ್ಳುವುದು ಪರ ತಂಡದ ಹೊಣೆ. ವಿರೋಧ ತಂಡವು ಬರೀ ‘ಇದು ಕೆಟ್ಟದ್ದು’ ಎಂದರೆ ಸಾಲದು, ಇದರ ಬದಲಿಗೆ ಏನು ಮಾಡಬೇಕೆಂಬುದನ್ನೂ ಹೇಳಬೇಕು. ಈ ಎರಡನೆಯ ಷರತ್ತನ್ನು ಮೊದಲ ದಿನವೇ ಹೇಳಿಬಿಡಿ. ಇಲ್ಲವಾದರೆ ವಿರೋಧ ತಂಡ ‘ಪಾಪ, ಮಕ್ಕಳು’ ಎಂಬಲ್ಲಿಯೇ ನಿಂತುಬಿಡುತ್ತದೆ.

ಇನ್ನೊಂದು ಮಾತು. ಈ ನಿಯಮ ಎಲ್ಲಿಯಾದರೂ ಬರಹದಲ್ಲಿ ಇದೆಯೇ? ಅನೇಕ ಶಾಲೆಗಳಲ್ಲಿ ಇಂತಹ ನಿಯಮಗಳು ದೈಹಿಕ ಶಿಕ್ಷಣ ಶಿಕ್ಷಕರ ಬಾಯಲ್ಲಿ ಮಾತ್ರ ಇರುತ್ತವೆ.

ಹಾವೇರಿಯ ಶಿಕ್ಷಕಿ

ಬರಹದಲ್ಲಿ ಇಲ್ಲ, ಸರ್. ಹೆಸರು ಬರೆಯುವ ಪುಸ್ತಕವಿದೆ, ನಿಯಮ ಬರೆದಿಟ್ಟ ಕಾಗದವಿಲ್ಲ.

ಪೋಷಕ, ಬೆಂಗಳೂರು

ನನ್ನ ಮಗ ಖಾಸಗಿ ಶಾಲೆಯೊಂದರಲ್ಲಿ ಏಳನೇ ತರಗತಿಯಲ್ಲಿ ಓದುತ್ತಿದ್ದಾನೆ. ಅಲ್ಲಿ ಮೂರು ಸಲ ತಡವಾದರೆ ಪೋಷಕರು ಬಂದು ಸಹಿ ಮಾಡಬೇಕು. ಸಿಗ್ನಲ್‌ನಲ್ಲಿ ಶಾಲೆಯ ವ್ಯಾನೇ ಸಿಕ್ಕಿಹಾಕಿಕೊಂಡರೂ ಸಹಿ ತಪ್ಪುವುದಿಲ್ಲ. ವ್ಯಾನ್ ತಡವಾದದ್ದಕ್ಕೆ ನಾನು ರಜೆ ಹಾಕಿ ಹೋಗಬೇಕೆಂಬುದು ಯಾವ ನ್ಯಾಯ? ಇದರ ವಿರುದ್ಧ ಎಲ್ಲಿ ದೂರು ಕೊಡಬೇಕೆಂದು ಯಾರಾದರೂ ತಿಳಿಸುವಿರಾ? ನಿಯಮವನ್ನು ಡೈರಿಯ ಎರಡನೇ ಪುಟದಲ್ಲಿ ಅಚ್ಚು ಹಾಕಿದ್ದಾರೆ, ಸಾಲದ್ದಕ್ಕೆ ನನ್ನ ಸಹಿಯನ್ನೂ ಜೂನ್‌ನಲ್ಲೇ ಪಡೆದಿದ್ದಾರೆ.

ನಿವೃತ್ತ ಮುಖ್ಯ ಶಿಕ್ಷಕ, ಸಾಗರ

ತಮ್ಮ ದೂರಿಗೆ ಇಲ್ಲಿ ಉತ್ತರ ಸಿಗಲಾರದು, ಬೇರೆಯಾಗಿ ಕೇಳುವುದು ಒಳ್ಳೆಯದು. ಆದರೆ ತಾವು ಹೇಳಿದ ಸಂಗತಿ ಮೇಡಂ ಅವರಿಗೆ ಉಪಯೋಗವಾಗುತ್ತದೆ. ಒಂದು ಕಡೆ ಅಚ್ಚಾಗಿ ಸಹಿ ಬಿದ್ದ ನಿಯಮ, ಇನ್ನೊಂದು ಕಡೆ ಬರೆಯದೇ ಇರುವ ನಿಯಮ. ಹಾವೇರಿಯ ಮಕ್ಕಳು ಮಾಡಬೇಕಾದ ಮೊದಲ ಸಂಶೋಧನೆಯೇ ನಿಯಮವನ್ನು ಬರೆದು ತರುವುದು. ಮೂವರು ಶಿಕ್ಷಕರನ್ನು ಬೇರೆ ಬೇರೆಯಾಗಿ ‘ನಿಯಮ ನಿಖರವಾಗಿ ಏನು, ಯಾರಿಗೆ ವಿನಾಯಿತಿ ಇದೆ?’ ಎಂದು ಕೇಳಲಿ. ಮೂರು ಉತ್ತರಗಳು ಒಂದೇ ಆಗಿದ್ದರೆ ಅದು ಪರ ತಂಡಕ್ಕೆ ಬಲ. ಬೇರೆ ಬೇರೆಯಾಗಿದ್ದರೆ ವಿರೋಧ ತಂಡದ ಮೊದಲ ವಾದ ಅಲ್ಲಿಯೇ ಸಿಕ್ಕಿತು.

ಕಾನೂನು ವಿದ್ಯಾರ್ಥಿ, ಧಾರವಾಡ

ಈ ಚರ್ಚೆಗೆ ಅವಕಾಶವೇ ಇಲ್ಲವೆಂದು ನನ್ನ ಅಭಿಪ್ರಾಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಕ್ಕಳನ್ನು ಹೊರಗೆ ನಿಲ್ಲಿಸುವುದು ಕಾನೂನುಬಾಹಿರವೆಂದು ಅದರಲ್ಲಿಯೇ ಇದೆ. ಕಾನೂನು ತೀರ್ಮಾನಿಸಿರುವ ವಿಷಯದ ಪರವಾಗಿ ಮಾತಾಡಿ ಎಂದು ಇಪ್ಪತ್ತು ಮಕ್ಕಳಿಗೆ ಹೇಳುವುದು ಸರಿಯಲ್ಲ.

ಚರ್ಚಾ ತೀರ್ಪುಗಾರ, ಮೈಸೂರು

ಸೆಕ್ಷನ್ ಸಂಖ್ಯೆಯೂ ನಿಷೇಧದ ಮಾತೂ ಸರಿಯಾಗಿವೆ, ಆದರೆ ಮುಂದಿನ ಹೆಜ್ಜೆ ಸರಿಯಿಲ್ಲ. ಆ ಸೆಕ್ಷನ್‌ನಲ್ಲಿ ತಡವಾಗಿ ಬರುವುದರ ಮಾತಾಗಲಿ, ವರಾಂಡದ ಮಾತಾಗಲಿ ಇಲ್ಲ. ನಲವತ್ತು ನಿಮಿಷ ವರಾಂಡದಲ್ಲಿ ನಿಲ್ಲಿಸುವುದು ಮಾನಸಿಕ ಕಿರುಕುಳವೇ ಎಂಬುದನ್ನು ವಾದ ಮಾಡಿಯೇ ಸ್ಥಾಪಿಸಬೇಕಾಗುತ್ತದೆ. ಎಂಟನೇ ತರಗತಿಯವರು ಮಾಡಬೇಕಾದ ಕೆಲಸ ಅದೇ. ವಿರೋಧ ತಂಡ ‘ಎಲ್ಲರೆದುರು ನಿಲ್ಲಿಸುವುದರಿಂದ ಅವಮಾನವಾಗುತ್ತದೆ, ಜೊತೆಗೆ ಪಾಠವೂ ತಪ್ಪುತ್ತದೆ’ ಎನ್ನಬಹುದು. ಪರ ತಂಡ ‘ನಿಲ್ಲುವುದು ಶಿಕ್ಷೆಯಲ್ಲ, ನಡೆಯುತ್ತಿರುವ ಪಾಠಕ್ಕೆ ಅಡ್ಡಿಯಾಗದಂತೆ ಕಾಯುವ ವ್ಯವಸ್ಥೆ’ ಎನ್ನಬಹುದು. ಆಗ ‘ಕಾಯುವ ವ್ಯವಸ್ಥೆಯಾದರೆ ಐದು ನಿಮಿಷ ಸಾಕಲ್ಲವೇ, ನಲವತ್ತು ಏಕೆ?’ ಎಂಬ ಪ್ರಶ್ನೆ ಏಳುತ್ತದೆ. ಹೀಗೆ ವಾದ ಮುಂದೆ ಹೋಗುತ್ತದೆ.

ಅದೇ ಕಾಯ್ದೆಯ ಅನುಸೂಚಿಯಲ್ಲಿ ಆರರಿಂದ ಎಂಟನೇ ತರಗತಿಗಳಿಗೆ ವರ್ಷಕ್ಕೆ 220 ಕೆಲಸದ ದಿನಗಳು ಮತ್ತು 1000 ಬೋಧನಾ ಗಂಟೆಗಳು ಎಂದಿದೆ. ಮೊದಲ ಪೀರಿಯಡ್ ಕಳೆದುಕೊಳ್ಳುವ ಮಗುವಿಗೆ ಎಷ್ಟು ಬೋಧನೆ ತಪ್ಪಿತೆಂದು ಲೆಕ್ಕ ಹಾಕಲು ಇದೊಂದು ಆಧಾರವಾಗುತ್ತದೆ. ನಿಮ್ಮಂತಹವರು ಆ ಸೆಕ್ಷನ್ ಮತ್ತು ಅನುಸೂಚಿಯ ಕನ್ನಡ ಪಾಠವನ್ನು ಒಂದು ಪುಟಕ್ಕೆ ಇಳಿಸಿ ಎರಡೂ ತಂಡಕ್ಕೆ ಕೊಟ್ಟರೆ ದೊಡ್ಡ ಉಪಕಾರ.

ಕಾನೂನು ವಿದ್ಯಾರ್ಥಿ, ಧಾರವಾಡ

ಪುಟವನ್ನು ಸಿದ್ಧಪಡಿಸಿ ಕಳುಹಿಸುತ್ತೇನೆ. ಆದರೂ ಈ ನಿಯಮ ಕಿರುಕುಳವೇ ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ.

ವಿಜ್ಞಾನ ಶಿಕ್ಷಕ, ಕಲಬುರಗಿ

ಮಾಹಿತಿಯ ವಿಷಯಕ್ಕೆ ಬರುತ್ತೇನೆ. ಈ ನಿಯಮಕ್ಕೆ ಬೇಕಾದ ಪುರಾವೆ ಅಂತರ್ಜಾಲದಲ್ಲಿ ಇಲ್ಲ, ನಿಮ್ಮ ಶಾಲೆಯ ಕಪಾಟಿನಲ್ಲಿದೆ. ತಡವಾಗಿ ಬಂದವರ ಪುಸ್ತಕವೇ ಮೊದಲ ಆಕರ. ಆದರೆ ಅದನ್ನು ಮಕ್ಕಳ ಕೈಗೆ ಹಾಗೆಯೇ ಕೊಡಬೇಡಿ. ಅದರಲ್ಲಿ ಹೆಸರುಗಳಿವೆ. ತಾವೇ ಒಂದು ತಿಂಗಳ ಪುಟಗಳಿಂದ ಹೆಸರು ತೆಗೆದು, ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆ ಕೊಟ್ಟು, ದಿನಾಂಕ, ವಾರ ಮತ್ತು ಬಂದ ಸಮಯ ಇಷ್ಟನ್ನೇ ನಕಲು ಮಾಡಿಕೊಡಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಲೆಕ್ಕಕ್ಕಾಗಿ ಒಂದು ತಿಂಗಳಲ್ಲಿ 60 ನಮೂದುಗಳಿವೆ ಎಂದುಕೊಳ್ಳಿ. ಪರ ತಂಡ ‘ಅರವತ್ತು ಮಕ್ಕಳು ತಡವಾಗಿ ಬಂದಿದ್ದಾರೆ, ಶಿಸ್ತು ಹಾಳಾಗಿದೆ’ ಎನ್ನುತ್ತದೆ. ಸಂಖ್ಯೆಗಳನ್ನು ವಿಂಗಡಿಸಿ ನೋಡಿದಾಗ ಎಂಟೇ ಮಕ್ಕಳು 40 ಸಲ ಬಂದಿರುತ್ತಾರೆ, ಉಳಿದ 20 ನಮೂದುಗಳು ಒಂದೊಂದು ಸಲ ತಡವಾದ ಇಪ್ಪತ್ತು ಮಕ್ಕಳದ್ದಾಗಿರುತ್ತವೆ. ಅಲ್ಲಿಗೆ ಪ್ರಶ್ನೆಯೇ ಬೇರೆಯಾಯಿತು. ಆ ಎಂಟು ಮಕ್ಕಳು ತಿಂಗಳಿಗೆ ಸರಾಸರಿ ಐದು ಸಲ ಹೊರಗೆ ನಿಂತರೂ ಮತ್ತೆ ತಡವಾಗಿಯೇ ಬರುತ್ತಿದ್ದಾರೆ, ಆದ್ದರಿಂದ ನಿಯಮ ಅವರನ್ನು ಬದಲಿಸಿಲ್ಲ ಎಂದು ವಿರೋಧ ತಂಡ ಹೇಳುತ್ತದೆ. ಒಮ್ಮೆ ನಿಂತ ಇಪ್ಪತ್ತು ಮಂದಿ ಮತ್ತೆ ತಡ ಮಾಡಿಲ್ಲ, ಆದ್ದರಿಂದ ನಿಯಮ ಕೆಲಸ ಮಾಡುತ್ತಿದೆ ಎಂದು ಪರ ತಂಡ ಹೇಳುತ್ತದೆ. ಒಂದೇ ಪುಟದಿಂದ ಎರಡು ವಾದಗಳು ಬಂದವು, ಎರಡೂ ಸುಳ್ಳಲ್ಲ. ಆದರೆ ನಿಯಮವೇ ಇಲ್ಲದಿದ್ದರೆ ಆ ಇಪ್ಪತ್ತು ಮಂದಿ ಮತ್ತೆ ತಡ ಮಾಡುತ್ತಿದ್ದರೇ ಎಂಬುದು ಆ ಪುಟದಿಂದ ಗೊತ್ತಾಗುವುದಿಲ್ಲ. ಈ ಕೊನೆಯ ವಾಕ್ಯವನ್ನು ಯಾವುದಾದರೂ ಮಗು ತಾನಾಗಿಯೇ ಹೇಳಿದರೆ ಅದಕ್ಕೆ ಪೂರ್ತಿ ಅಂಕ ಕೊಡಿ.

ಎರಡನೆಯ ಆಕರ ಬಸ್ಸು. ಬಸ್ಸಿನಲ್ಲಿ ಬರುವ ಮಕ್ಕಳು ಹೇಗೂ ಅದರಲ್ಲಿಯೇ ಬರುತ್ತಾರೆ. ಒಂದು ವಾರ ಪ್ರತಿದಿನ ಬಸ್ಸು ಊರಿನ ನಿಲ್ದಾಣಕ್ಕೆ ಬಂದ ಸಮಯವನ್ನೂ ಶಾಲೆಯ ಬಳಿ ಇಳಿದ ಸಮಯವನ್ನೂ ಬರೆದುಕೊಳ್ಳಲಿ. ತಡವಾದ ದಿನಗಳು ಸಂತೆಯ ದಿನಕ್ಕೆ ಹೊಂದುತ್ತವೆಯೇ ಎಂದು ನೋಡಲಿ. ಮಾಹಿತಿ ತಂದವರು ಪ್ರತಿಯೊಂದನ್ನೂ ಒಂದು ಚೀಟಿಯಲ್ಲಿ ಬರೆಯಬೇಕು: ಗೊತ್ತಾದದ್ದು ಏನು, ಎಲ್ಲಿಂದ ಅಥವಾ ಯಾರಿಂದ ಗೊತ್ತಾಯಿತು, ಯಾವ ದಿನ, ಬರೆದವರು ಯಾರು. ಚೀಟಿಯಿಲ್ಲದ ಅಂಕಿಯನ್ನು ವೇದಿಕೆಯ ಮೇಲೆ ಹೇಳುವಂತಿಲ್ಲ.

ಹಾವೇರಿಯ ಶಿಕ್ಷಕಿ

ಚೀಟಿಯ ನಿಯಮ ಬಹಳ ಹಿಡಿಸಿತು. ಒಂದು ಅಳುಕು ಮಾತ್ರ ಉಳಿದಿದೆ. ತಡವಾಗಿ ಬರುವ ಮಕ್ಕಳಲ್ಲಿ ಕೆಲವರು ಇದೇ ತರಗತಿಯಲ್ಲಿದ್ದಾರೆ. ಹೆಸರು ತೆಗೆದರೂ ‘ವಿದ್ಯಾರ್ಥಿ 4’ ಯಾರೆಂಬುದು ಎಲ್ಲರಿಗೂ ಗೊತ್ತಾಗುತ್ತದೆ.

ವಿಜ್ಞಾನ ಶಿಕ್ಷಕ, ಕಲಬುರಗಿ

ಹಾಗಾದರೆ ಎಂಟನೇ ತರಗತಿಯನ್ನು ಬಿಟ್ಟು, ಒಂಬತ್ತು ಮತ್ತು ಹತ್ತನೇ ತರಗತಿಗಳ ಹಿಂದಿನ ವರ್ಷದ ಪುಟಗಳನ್ನು ಕೊಡಿ. ನಿಯಮ ಒಂದೇ ಆಗಿರುವುದರಿಂದ ವಾದಕ್ಕೆ ಕೊರತೆಯಾಗುವುದಿಲ್ಲ. ಕಾರಣ ಕೇಳುವ ಸಂದರ್ಶನವನ್ನು ತಾವಾಗಿ ಮುಂದೆ ಬಂದವರಿಂದ ಮಾತ್ರ ಪಡೆಯಬೇಕು, ಮತ್ತು ಮನೆಯ ವಿಷಯ ಕೇಳಬಾರದೆಂದು ಹೇಳಿ. ‘ಯಾಕೆ ತಡವಾಯಿತು?’ ಎಂದು ಕೇಳಿದರೆ ಮಗು ಅಪ್ಪನ ಕುಡಿತದವರೆಗೂ ಹೇಳಿಬಿಡಬಹುದು. ‘ಸಮಯಕ್ಕೆ ಬರಲು ಶಾಲೆಯಿಂದ ಏನಾಗಬೇಕು?’ ಎಂದು ಕೇಳಿದರೆ ಬೇಕಾದಷ್ಟು ಸಿಗುತ್ತದೆ.

ಚರ್ಚಾ ತೀರ್ಪುಗಾರ, ಮೈಸೂರು

ಪಾತ್ರಗಳ ಬಗ್ಗೆ ನನ್ನ ಸಲಹೆ ಒಂದೇ. ಯಾರು ಪರ, ಯಾರು ವಿರೋಧ ಎಂಬುದನ್ನು ಸಂಶೋಧನೆ ಮುಗಿಯುವ ತನಕ ಹೇಳಲೇಬೇಡಿ. ಮೊದಲ ದಿನವೇ ಪಕ್ಷ ಗೊತ್ತಾದರೆ ಮಕ್ಕಳು ತಮಗೆ ಬೇಕಾದ ಮಾಹಿತಿಯನ್ನೇ ಹೆಕ್ಕುತ್ತಾರೆ, ಬೇಡದ್ದನ್ನು ಬಚ್ಚಿಡುತ್ತಾರೆ. ಎಲ್ಲರೂ ಸೇರಿ ಎರಡೂ ಕಡೆಯ ಮಾಹಿತಿ ಚೀಟಿಗಳನ್ನು ಒಂದೇ ಡಬ್ಬಿಗೆ ಹಾಕಲಿ. ನಾಲ್ಕನೇ ಪೀರಿಯಡ್‌ನಲ್ಲಿ ಎಲ್ಲರೆದುರು ಪರ, ವಿರೋಧ ಎಂದು ಬರೆದ ಬೇರೆ ಚೀಟಿ ಎತ್ತಿ ತಂಡ ಮಾಡಿ. ಡಬ್ಬಿ ಎರಡೂ ತಂಡಕ್ಕೆ ತೆರೆದಿರಲಿ.

ಸಮಯದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ಅಂತರರಾಷ್ಟ್ರೀಯ ಶಾಲಾ ಚರ್ಚೆಗಳಲ್ಲಿ ತಂಡಕ್ಕೆ ಮೂವರು ಮಾತಾಡುತ್ತಾರೆ, ಪ್ರತಿ ಭಾಷಣಕ್ಕೆ ಎಂಟು ನಿಮಿಷ, ಕೊನೆಯ ಉತ್ತರಕ್ಕೆ ನಾಲ್ಕು ನಿಮಿಷ. ಅದು ನಿಮ್ಮ ಪೀರಿಯಡ್‌ಗೆ ಹೊಂದುವುದಿಲ್ಲ, ಎಂಟನೇ ತರಗತಿಗೆ ಬೇಕಾಗಿಯೂ ಇಲ್ಲ. ಮೂವರು ಇರಲಿ, ತಲಾ ಮೂರು ನಿಮಿಷವಾದರೆ ಎರಡೂ ಕಡೆ ಸೇರಿ 18 ನಿಮಿಷ. ಸಭೆಯ ಪ್ರಶ್ನೆಗಳಿಗೆ 6 ನಿಮಿಷ. ತಂಡಗಳು ತಲೆ ಸೇರಿಸಿ ಮಾತಾಡಿಕೊಳ್ಳಲು 3 ನಿಮಿಷ. ಮುಕ್ತಾಯದ ಉತ್ತರಕ್ಕೆ ತಲಾ 2 ನಿಮಿಷದಂತೆ 4. ಒಟ್ಟು 31. ಉಳಿದ ಒಂಬತ್ತು ನಿಮಿಷ ಬೆಂಚು ಸರಿಸುವುದಕ್ಕೂ ತೀರ್ಪುಗಾರರು ಬರೆಯುವುದಕ್ಕೂ ಹೋಗುತ್ತದೆ. ಮುಕ್ತಾಯದಲ್ಲಿ ವಿರೋಧ ತಂಡ ಮೊದಲು, ಪರ ತಂಡ ಕೊನೆಗೆ ಮಾತಾಡಲಿ. ಕೊನೆಯ ಮಾತು ಯಾರದ್ದೋ ಅವರಿಗೆ ಲಾಭವಿರುತ್ತದೆ, ಆದ್ದರಿಂದ ಮುಕ್ತಾಯದಲ್ಲಿ ಹೇಳುವ ಹೊಸ ವಾದಕ್ಕೆ ಅಂಕವಿಲ್ಲವೆಂದು ಮೊದಲೇ ಸಾರಿಬಿಡಬೇಕು.

ನಿವೃತ್ತ ಮುಖ್ಯ ಶಿಕ್ಷಕ, ಸಾಗರ

ಚೀಟಿ ಎತ್ತುವುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಹದಿಮೂರು ವರ್ಷದ ಮಗುವಿಗೆ ತಾನು ನಂಬದ ಮಾತನ್ನು ನಂಬಿದಂತೆ ಆಡುವುದನ್ನು ಕಲಿಸಬೇಕೇ? ದಿನವೂ ವರಾಂಡದಲ್ಲಿ ನಿಲ್ಲುವ ಹುಡುಗನಿಗೆ ಪರ ತಂಡದ ಚೀಟಿ ಬಂದರೆ ಅವನ ಸ್ಥಿತಿ ಏನಾಗಬೇಡ?

ಚರ್ಚಾ ತೀರ್ಪುಗಾರ, ಮೈಸೂರು

ಗುರುಗಳೇ, ಮಕ್ಕಳು ತಮ್ಮ ಇಷ್ಟದಂತೆ ಪಕ್ಷ ಆರಿಸಿಕೊಂಡರೆ ಈ ನಿಯಮದ ಪರವಾಗಿ ನಾಲ್ಕು ಮಂದಿಯೂ ಸಿಗುವುದಿಲ್ಲ. ಸಿಕ್ಕವರು ಶಿಕ್ಷಕರಿಗೆ ಬೇಕಾದವರೆಂಬ ಹೆಸರು ಪಡೆಯುತ್ತಾರೆ. ಚೀಟಿ ಎತ್ತಿದಾಗ ಮಾತ್ರ ‘ಇದು ನನ್ನ ಅಭಿಪ್ರಾಯವಲ್ಲ, ನನ್ನ ಪಾಲಿನ ಕೆಲಸ’ ಎನ್ನಲು ಮಗುವಿಗೆ ಆಗುತ್ತದೆ. ನೀವು ಹೇಳಿದ ಹುಡುಗನಿಗಾಗಿ ಒಂದು ಬಾಗಿಲು ತೆರೆದಿಡೋಣ. ಚೀಟಿ ಎತ್ತುವ ಮೊದಲೇ ಯಾರು ಬೇಕಾದರೂ ಕಾರಣ ಹೇಳದೆ ಪಕ್ಷವಿಲ್ಲದ ಕೆಲಸವನ್ನು ಕೇಳಿ ಪಡೆಯಬಹುದು.

ಹಾವೇರಿಯ ಶಿಕ್ಷಕಿ

ಆ ಬಾಗಿಲನ್ನು ಇಟ್ಟುಕೊಂಡು ಹೀಗೆ ಹಂಚಿದ್ದೇನೆ. ತಂಡಕ್ಕೆ ಹನ್ನೆರಡು ಮಂದಿಯಂತೆ ಇಪ್ಪತ್ತನಾಲ್ಕು. ಹನ್ನೆರಡರಲ್ಲಿ ಮೂವರು ಮಾತಾಡುತ್ತಾರೆ, ಮೂವರು ಎದುರು ತಂಡಕ್ಕೆ ಪ್ರಶ್ನೆ ಕೇಳುತ್ತಾರೆ, ಆರು ಮಂದಿ ವಾದ ಕಟ್ಟುತ್ತಾರೆ. ಈ ಆರು ಮಂದಿಯ ಕೆಲಸವೆಂದರೆ ‘ಅವರು ಹೀಗೆ ಹೇಳಿದರೆ ನಾವು ಹೀಗೆ ಹೇಳಬೇಕು’ ಎಂಬ ಹಾಳೆಯನ್ನು ಬರೆಯುವುದು. ಪಕ್ಷವಿಲ್ಲದ ಹದಿನೆಂಟು ಮಂದಿಯಲ್ಲಿ ಐವರು ಚೀಟಿಗಳನ್ನು ತಪಾಸಣೆ ಮಾಡುತ್ತಾರೆ, ನಾಲ್ವರು ಕಪ್ಪು ಹಲಗೆಯ ಮೇಲೆ ಎರಡೂ ಕಡೆಯ ವಾದಗಳನ್ನು ಎದುರುಬದುರಾಗಿ ಬರೆಯುತ್ತಾರೆ, ಇಬ್ಬರು ಸಮಯ ನೋಡುತ್ತಾರೆ, ಇಬ್ಬರು ಅಧ್ಯಕ್ಷತೆ ವಹಿಸುತ್ತಾರೆ, ಐವರು ವಿದ್ಯಾರ್ಥಿ ತೀರ್ಪುಗಾರರು. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಪಡೆದವರನ್ನು ಪ್ರಶ್ನೆ ಕೇಳುವವರನ್ನಾಗಿ ಮಾಡಬೇಕೆಂದಿದ್ದೇನೆ, ಏಕೆಂದರೆ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡು ಬರಲು ಆಗುವುದಿಲ್ಲ.

ಮೊದಲ ಪೀರಿಯಡ್‌ನಲ್ಲಿ ವಾಕ್ಯವನ್ನು ತಿದ್ದಿ ಬರೆಯುತ್ತೇವೆ. ಎರಡು ಮತ್ತು ಮೂರನೆಯದು ಎಲ್ಲರ ಸಂಶೋಧನೆಗೆ. ನಾಲ್ಕರಲ್ಲಿ ಚೀಟಿ ಎತ್ತಿ ಚೀಟಿಡಬ್ಬಿ ಓದುತ್ತೇವೆ, ಐದರಲ್ಲಿ ತಂಡದೊಳಗೇ ಅರ್ಧ ಮಂದಿ ಎದುರಾಳಿಗಳಾಗಿ ಅಭ್ಯಾಸ, ಆರರಲ್ಲಿ ಚರ್ಚೆ. ಎರಡು ಮತ್ತು ಮೂರರ ನಡುವೆ ಒಂದು ಶನಿವಾರ ಮತ್ತು ಭಾನುವಾರ ಬರುವಂತೆ ಹೊಂದಿಸಿದ್ದೇನೆ. ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೂ ಹೋಗಿ ಬರಬಹುದು.

ಚರ್ಚಾ ತೀರ್ಪುಗಾರ, ಮೈಸೂರು

ಹಂಚಿಕೆ ಚೆನ್ನಾಗಿದೆ. ವಾದ ಕಟ್ಟುವ ಆರು ಮಂದಿ ಸ್ವಲ್ಪ ಸಮಯದಲ್ಲೇ ಸುಮ್ಮನೆ ಕುಳಿತುಬಿಡುವ ಸಾಧ್ಯತೆ ಹೆಚ್ಚು. ಅವರ ಹಾಳೆಗೂ ಅಂಕವಿರಲಿ.

ಇನ್ನು ತೀರ್ಪು. ಮುಖ್ಯ ಶಿಕ್ಷಕರು ತೀರ್ಪುಗಾರರಾಗಬಾರದು, ನಿಯಮ ಅವರದ್ದು. ತಾವೂ ಆಗಬಾರದು, ಯಾವ ಮಗು ಹೇಗೆಂದು ತಮಗೆ ಗೊತ್ತು. ಪಕ್ಕದ ಶಾಲೆಯ ಒಬ್ಬ ಶಿಕ್ಷಕರು, ಗ್ರಂಥಾಲಯದ ಮೇಲ್ವಿಚಾರಕರು, ಊರಿನ ಇನ್ನೊಬ್ಬರು ಹೀಗೆ ಮೂವರು ಇರಲಿ. ಮೂವರೂ ದೂರ ದೂರ ಕುಳಿತು, ಮಾತಾಡಿಕೊಳ್ಳದೆ ಬರೆಯಲಿ. ಒಟ್ಟು 30 ಅಂಕಗಳಲ್ಲಿ ವಾದಕ್ಕೆ 10, ಪುರಾವೆಗೆ 8, ಎದುರು ತಂಡಕ್ಕೆ ಕೊಟ್ಟ ಉತ್ತರಕ್ಕೆ 8, ತಂಡದ ಹೊಂದಾಣಿಕೆಗೆ 4 ಇಡಿ. ಈ ಅಂಕದ ಹಾಳೆಯನ್ನು ಮಕ್ಕಳಿಗೆ ಮೊದಲ ದಿನವೇ ಕೊಟ್ಟಿರಬೇಕು.

ಆದರೆ ಅಂಕಗಳನ್ನು ಕೂಡಿಸಿ ಗೆದ್ದವರನ್ನು ಘೋಷಿಸಬೇಡಿ. ಕಾರಣ ಇಲ್ಲಿದೆ. ಮೊದಲ ತೀರ್ಪುಗಾರರು ಪರ ತಂಡಕ್ಕೆ 24, ವಿರೋಧಕ್ಕೆ 23 ಕೊಟ್ಟರು ಎಂದುಕೊಳ್ಳಿ. ಎರಡನೆಯವರು 25 ಮತ್ತು 23. ಇಬ್ಬರಿಗೂ ಪರ ತಂಡವೇ ಮೇಲೆನಿಸಿತು. ಮೂರನೆಯವರ ಕೈ ಬಿಗಿ, ಪರ ತಂಡಕ್ಕೆ 17, ವಿರೋಧಕ್ಕೆ 24 ಕೊಟ್ಟರು. ಕೂಡಿಸಿದರೆ ಪರ 66, ವಿರೋಧ 70. ಮೂವರಲ್ಲಿ ಇಬ್ಬರು ಮೆಚ್ಚಿದ ತಂಡ ಸೋತಿತು, ಒಬ್ಬರ ಅಭಿಪ್ರಾಯ ಇಬ್ಬರದನ್ನು ನುಂಗಿತು. ಅದಕ್ಕಾಗಿ ಪ್ರತಿಯೊಬ್ಬ ತೀರ್ಪುಗಾರರೂ ಹಾಳೆಯ ಕೊನೆಯಲ್ಲಿ ಗೆದ್ದ ತಂಡದ ಹೆಸರನ್ನೂ ಒಂದು ಕಾರಣವನ್ನೂ ಬರೆಯಬೇಕು. ಎರಡಕ್ಕೆ ಒಂದು ಎಂದು ತೀರ್ಮಾನ. ಅಂಕಗಳು ಮಕ್ಕಳಿಗೆ ಎಲ್ಲಿ ಸುಧಾರಿಸಬೇಕೆಂದು ತೋರಿಸಲು ಮಾತ್ರ.

ವಿಜ್ಞಾನ ಶಿಕ್ಷಕ, ಕಲಬುರಗಿ

ಮೂರನೆಯವರು ಕೈ ಬಿಗಿ ಹಿಡಿದದ್ದೇ ಕಾರಣವೆಂದು ಹೇಗೆ ಹೇಳುತ್ತೀರಿ, ಸರ್? ಪರ ತಂಡ ಹೇಳಿದ ಮುಖ್ಯ ಅಂಕಿ ಚೀಟಿಯಲ್ಲಿ ಇರಲೇ ಇಲ್ಲವೆಂಬುದನ್ನು ಅವರೊಬ್ಬರೇ ಗಮನಿಸಿರಬಹುದು. ಆಗ ಆ 17 ಸರಿಯಾದ ಅಂಕ, ಉಳಿದ ಇಬ್ಬರು ಮೈಮರೆತಿದ್ದಾರೆ. ನಿಮ್ಮ ಎರಡಕ್ಕೆ ಒಂದು ಪದ್ಧತಿಯಲ್ಲಿ ಆ ಗಮನಿಕೆಗೆ ಬೆಲೆಯೇ ಇಲ್ಲ.

ಚರ್ಚಾ ತೀರ್ಪುಗಾರ, ಮೈಸೂರು

ಮಾತು ನ್ಯಾಯವಾಗಿದೆ. ಚೀಟಿ ತಪಾಸಣೆಯ ಐವರು ಮಕ್ಕಳು ಚೀಟಿಯಿಲ್ಲದ ಅಂಕಿಗಳ ಪಟ್ಟಿಯನ್ನು ಮೂವರಿಗೂ ಕೊಟ್ಟ ಮೇಲೆ ಹಾಳೆ ತುಂಬಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಪೂರ್ತಿ ಸರಿಹೋಗುತ್ತದೆ ಎನ್ನಲಾರೆ.

ಕನ್ನಡ ಭಾಷಣ ಪ್ರಿಯ, ತುಮಕೂರು

ಮಾತಿನ ಶೈಲಿಗೆ ಒಂದು ಅಂಕವೂ ಇಲ್ಲವೇ? ಸ್ಪಷ್ಟ ಉಚ್ಚಾರಣೆ, ಶುದ್ಧ ಕನ್ನಡ ಇವುಗಳಿಗೆ ಬೆಲೆ ಬೇಡವೇ? ಇಷ್ಟೆಲ್ಲ ಹಾಳೆ, ಚೀಟಿಗಳ ಬದಲು ಸಭೆಯಲ್ಲಿ ಕೈ ಎತ್ತಿಸಿದರೆ ಎರಡು ನಿಮಿಷದಲ್ಲಿ ತೀರ್ಪು ಬರುತ್ತದೆ. ಪ್ರಜಾಪ್ರಭುತ್ವವೆಂದರೆ ಅದೇ ತಾನೇ?

ಚರ್ಚಾ ತೀರ್ಪುಗಾರ, ಮೈಸೂರು

ನಾನು ಹೇಳಿದ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಶೈಲಿಗೆ ನೂರಕ್ಕೆ 40 ಅಂಕಗಳಿವೆ, ಆದ್ದರಿಂದ ತಮ್ಮ ಮಾತಿಗೆ ಆಧಾರವಿದೆ. ಆದರೆ ಹಳ್ಳಿಯ ಶಾಲೆಯಲ್ಲಿ ಶೈಲಿಗೆ ಅಂಕವಿಟ್ಟರೆ ಅದು ಮನೆಯ ಮಾತಿನ ಮೇಲೆ ಬೀಳುವ ದಂಡವಾಗುತ್ತದೆ. ಹಾವೇರಿಯ ಮಗು ತನ್ನ ಮನೆಯ ಕನ್ನಡದಲ್ಲಿ ಖಡಕ್ ಉತ್ತರ ಕೊಟ್ಟರೆ ಅದಕ್ಕೆ ಅಂಕ ಕಳೆಯುವುದು ಹೇಗೆ? ಹಿಂದಿನ ಬೆಂಚಿಗೆ ಕೇಳಿಸುವಂತೆ ಮಾತಾಡಬೇಕು, ಅಷ್ಟು ಸಾಕು.

ಕೈ ಎತ್ತಿಸುವುದರಲ್ಲಿ ಅರ್ಧ ಸತ್ಯವಿದೆ. ಮಕ್ಕಳೆಲ್ಲರೂ ಮೊದಲಿನಿಂದಲೂ ನಿಯಮದ ವಿರುದ್ಧವೇ ಇರುತ್ತಾರೆ, ಆದ್ದರಿಂದ ಕೊನೆಯಲ್ಲಿ ಕೈ ಎತ್ತಿಸಿದರೆ ಚರ್ಚೆ ನಡೆಯದಿದ್ದರೂ ಅದೇ ಉತ್ತರ ಬರುತ್ತದೆ. ಅದರ ಬದಲು ಮೊದಲ ಪೀರಿಯಡ್‌ನಲ್ಲಿ ಒಂದು ಸಲ, ಚರ್ಚೆಯ ನಂತರ ಒಂದು ಸಲ ಹೆಸರಿಲ್ಲದ ಚೀಟಿಯಲ್ಲಿ ಮತ ಪಡೆದು, ಎಷ್ಟು ಮಂದಿ ಮನಸ್ಸು ಬದಲಿಸಿದರೆಂದು ನೋಡಬಹುದು. ಮೊದಲು ಪರ 6, ವಿರೋಧ 36 ಇದ್ದದ್ದು ನಂತರ 13 ಮತ್ತು 29 ಆದರೆ, ಪರ ತಂಡ ಏಳು ಮಂದಿಯನ್ನು ತನ್ನ ಕಡೆ ತಂದಿತೆಂದು ಅರ್ಥ.

ವಿಜ್ಞಾನ ಶಿಕ್ಷಕ, ಕಲಬುರಗಿ

ಅದನ್ನೂ ಗೆಲುವಿನ ಅಳತೆ ಮಾಡಬೇಡಿ. ಆರರಿಂದ ಶುರುವಾದವರಿಗೆ ಗಳಿಸಲು ಮೂವತ್ತಾರು ಮಂದಿ ಇದ್ದಾರೆ, ವಿರೋಧ ತಂಡಕ್ಕೆ ಗಳಿಸಲು ಆರೇ ಮಂದಿ. ಆಟ ಶುರುವಾಗುವ ಮೊದಲೇ ಮೈದಾನ ಓರೆಯಾಗಿದೆ. ಗೋಡೆಗೆ ಅಂಟಿಸಿ ಎಲ್ಲರೂ ನೋಡಲಿ, ತೀರ್ಪಿನೊಳಗೆ ತರಬೇಡಿ.

ನಿವೃತ್ತ ಮುಖ್ಯ ಶಿಕ್ಷಕ, ಸಾಗರ

ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ವಿರೋಧ ತಂಡ ಗೆದ್ದಿತು ಎಂದುಕೊಳ್ಳಿ. ಮರುದಿನ ಬೆಳಿಗ್ಗೆ ತಡವಾಗಿ ಬಂದ ಹುಡುಗ ಎಲ್ಲಿ ನಿಲ್ಲಬೇಕು? ಚೆನ್ನಾಗಿ ವಾದಿಸಿದವರು ಗೆದ್ದರೆಂದ ಮಾತ್ರಕ್ಕೆ ನಿಯಮ ತಪ್ಪೆಂದು ಆಗುವುದಿಲ್ಲ. ಆದರೆ ಮಕ್ಕಳು ಹಾಗೆಯೇ ತಿಳಿಯುತ್ತಾರೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಅದರ 12ನೇ ವಿಧಿಯ ಪ್ರಕಾರ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಅವರ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಬೆಲೆ ಕೊಡಬೇಕು. ಹಾಗೆಂದು ಅಭಿಪ್ರಾಯವೇ ಆಜ್ಞೆಯಾಗುವುದಿಲ್ಲ. ಮುಖ್ಯ ಶಿಕ್ಷಕರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂಬುದನ್ನು ಚರ್ಚೆಗೆ ಮೊದಲೇ ತರಗತಿಗೆ ಬಂದು ಹೇಳಬೇಕು.

ಹಾವೇರಿಯ ಶಿಕ್ಷಕಿ

ಇಂದು ಅವರನ್ನು ಕೇಳಿದೆ. ಗೆಲುವು ಯಾರದಾದರೂ ನಿಯಮ ತಾನಾಗಿ ಬದಲಾಗುವುದಿಲ್ಲ ಎಂದರು. ಎರಡೂ ತಂಡಗಳ ವಾದಗಳನ್ನು ಒಂದು ಪುಟದಲ್ಲಿ ಬರೆದು ಕೊಟ್ಟರೆ ಎಸ್‌ಡಿಎಂಸಿ ಸಭೆಯಲ್ಲಿ ಓದಿಸುವುದಾಗಿಯೂ, ನಿಯಮವನ್ನು ಉಳಿಸಿದರೂ ಬದಲಿಸಿದರೂ ಕಾರಣವನ್ನು ಪ್ರಾರ್ಥನೆಯ ಸಮಯದಲ್ಲಿ ತಿಳಿಸುವುದಾಗಿಯೂ ಒಪ್ಪಿದ್ದಾರೆ. ಬರಹದಲ್ಲಿಲ್ಲದ ನಿಯಮವನ್ನು ಬರೆದಿಡುವುದಕ್ಕೆ ಮಾತ್ರ ಈಗಲೇ ಒಪ್ಪಿದರು. ಮಕ್ಕಳ ಪುಟವನ್ನು ಬರೆಯುವ ಕೆಲಸ ಕಪ್ಪು ಹಲಗೆಯ ನಾಲ್ವರಿಗೆ ಹೋಗುತ್ತದೆ.

ಕಾನೂನು ವಿದ್ಯಾರ್ಥಿ, ಧಾರವಾಡ

ಕಾಯ್ದೆಯ ಪುಟವನ್ನು ಸಿದ್ಧಪಡಿಸಿದ್ದೇನೆ. ಒಂದು ಸಂದೇಹ ಉಳಿದಿದೆ. ಆ ಕಾಯ್ದೆಯಲ್ಲಿ ಮಗುವೆಂದರೆ ಆರರಿಂದ ಹದಿನಾಲ್ಕು ವರ್ಷದವರು. ನಿಮ್ಮ ತರಗತಿಯಲ್ಲಿ ಹದಿನಾಲ್ಕು ದಾಟಿದವರಿದ್ದರೆ, ಮತ್ತು ಇದೇ ನಿಯಮ ಹತ್ತನೇ ತರಗತಿಗೂ ಇರುವುದರಿಂದ, ಪರ ತಂಡದವರು ‘ಕಾಯ್ದೆ ನಮ್ಮ ಶಾಲೆಯ ಅರ್ಧ ಮಕ್ಕಳಿಗೆ ಅನ್ವಯಿಸುವುದಿಲ್ಲ’ ಎಂದು ವಾದಿಸಬಹುದು. ಈ ಮಾತನ್ನು ಪುಟದಲ್ಲಿ ಸೇರಿಸಲೇ, ಅಥವಾ ಅವರೇ ಕಂಡುಕೊಳ್ಳಲಿ ಎಂದು ಬಿಡಲೇ?

ಚರ್ಚಾ ತೀರ್ಪುಗಾರ, ಮೈಸೂರು

ವಯಸ್ಸಿನ ವಾಕ್ಯವನ್ನು ಮೂಲದಲ್ಲಿರುವಂತೆಯೇ ಪುಟದಲ್ಲಿ ಇಡಿ, ಅದರಿಂದ ಏನು ಹೊರಡುತ್ತದೆಂದು ಬರೆಯಬೇಡಿ. ಎರಡೂ ತಂಡಗಳಿಗೆ ಅದೇ ಪುಟ, ಅದೇ ದಿನ ಸಿಗಲಿ.

ಹಾವೇರಿಯ ಶಿಕ್ಷಕಿ

ಹಾಗೆಯೇ ಮಾಡಿ, ದಯವಿಟ್ಟು ಎರಡನೇ ಪೀರಿಯಡ್‌ಗೆ ಮೊದಲು ಕಳುಹಿಸಿ. ಮೂರನೆಯ ತೀರ್ಪುಗಾರರು ಇನ್ನೂ ಸಿಕ್ಕಿಲ್ಲ. ಊರಿನಲ್ಲಿ ನಾನು ಕೇಳಿದವರೆಲ್ಲರ ಮಗುವೋ ಮೊಮ್ಮಗುವೋ ಈ ತರಗತಿಯಲ್ಲಿಯೇ ಇದೆ.